ಯಾರೂ ಕೊಡದ ಆಜ್ಞೆಗೆ ಯಾರು ಹೊಣೆ?

2017ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಟೀವಿ ವಾಹಿನಿಯೊಂದು ಬೆಳಗಿನ ವಾರ್ತೆಯಲ್ಲಿ ಲಘುವಾದೊಂದು ಸುದ್ದಿ ಬಿತ್ತರಿಸಿತು. ಟೆಕ್ಸಸ್‌ನ ಆರು ವರ್ಷದ ಮಗುವೊಂದು ಮನೆಯ ಅಲೆಕ್ಸಾ ಸ್ಪೀಕರಿನೊಡನೆ ಮಾತಾಡುತ್ತಾ ಗೊಂಬೆಮನೆಯೊಂದನ್ನೂ ನಾಲ್ಕು ಪೌಂಡ್ ಬಿಸ್ಕತ್ತನ್ನೂ ತರಿಸಿಕೊಂಡಿತ್ತು. ಸುದ್ದಿ ಓದಿದವರು ಆ ಮಗುವಿನ ಮಾತನ್ನು ಮೆಚ್ಚಿ, ಅಲೆಕ್ಸಾಳನ್ನು ಹೆಸರು ಹಿಡಿದು ಕರೆದು, ಗೊಂಬೆಮನೆ ತರಿಸು ಎಂಬ ವಾಕ್ಯವನ್ನು ತಾವೂ ಹೇಳಿದರು. ಆ ಹೊತ್ತಿಗೆ ಟೀವಿ ಹಾಕಿಕೊಂಡಿದ್ದ ಹಲವು ಮನೆಗಳಿಂದ ವಾಹಿನಿಗೆ ದೂರು ಬಂತು. ವಾರ್ತೆ ಕೇಳಿಸಿಕೊಂಡ ಅವರ ಮನೆಯ ಸ್ಪೀಕರುಗಳೂ ಗೊಂಬೆಮನೆ ಖರೀದಿಗೆ ಹೊರಟಿದ್ದವು.

ಜಗತ್ತು ನಕ್ಕಿತು. ನಗುವ ಅಭ್ಯಾಸ ಅದಕ್ಕೂ ಮೊದಲೇ ಶುರುವಾಗಿತ್ತು. 2014ರಲ್ಲಿ ಎಕ್ಸ್‌ಬಾಕ್ಸ್ ಜಾಹೀರಾತಿನ ನಟನ ದನಿಗೆ ನೋಡುಗರ ಮನೆಯ ಎಕ್ಸ್‌ಬಾಕ್ಸ್‌ಗಳು ಆನ್ ಆಗಿದ್ದವು. 2016ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಅಲೆಕ್ಸಾ ಬಗ್ಗೆ ಮಾಡಿದ ಕಾರ್ಯಕ್ರಮವನ್ನು ಕೇಳಿ ಒಬ್ಬ ಶ್ರೋತೃವಿನ ಮನೆಯ ಥರ್ಮೋಸ್ಟಾಟ್ 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೋಗಿ ಕೂತಿತ್ತು. 2017ರ ಏಪ್ರಿಲ್‌ನಲ್ಲಿ ಬರ್ಗರ್ ಕಿಂಗ್ ಕಂಪನಿ 15 ಸೆಕೆಂಡಿನ ಜಾಹೀರಾತಿನಲ್ಲಿ ಬೇಕೆಂದೇ ಗೂಗಲ್ ಸ್ಪೀಕರನ್ನು ಕರೆದು, ತನ್ನ ಬರ್ಗರಿನ ವರ್ಣನೆಯನ್ನು ಜನರ ಮನೆಯೊಳಗೇ ಓದಿಸಿತು. ಗೂಗಲ್ ಕೆಲವೇ ಗಂಟೆಗಳಲ್ಲಿ ಅದನ್ನು ತಡೆಯಿತು. ಪರರ ಮನೆಯ ಯಂತ್ರವನ್ನು ಒಪ್ಪಿಗೆಯಿಲ್ಲದೆ ದುಡಿಸಿಕೊಂಡ ಅದೇ ಪ್ರಚಾರಕ್ಕೆ ಅದೇ ವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ದೊಡ್ಡ ಪ್ರಶಸ್ತಿಯೂ ಬಂತು.

ಇಂಥ ಘಟನೆಗಳ ಬಗ್ಗೆ ತಯಾರಕರಲ್ಲೂ ಬಳಕೆದಾರರಲ್ಲೂ ಬೇರೂರಿರುವ ಅಭಿಪ್ರಾಯ ಹೆಚ್ಚುಕಡಿಮೆ ಒಂದೇ. ಇದು ಅಪರೂಪದ ಕಾಕತಾಳೀಯ. ಯಂತ್ರಕ್ಕೆ ಕಿವಿ ಇನ್ನೂ ಚುರುಕಾಗಬೇಕು, ಅಷ್ಟೇ. ಅಲ್ಲಿಯವರೆಗೆ ಬಳಸುವವರು ಸ್ವಲ್ಪ ಎಚ್ಚರವಾಗಿದ್ದರೆ ಸಾಕು. ಈ ಅಭಿಪ್ರಾಯ ತಪ್ಪು. ಯಾರೂ ಕೊಡದ ಆಜ್ಞೆಯನ್ನು ಯಂತ್ರ ನಡೆಸಿಬಿಡುವುದು ಕಿವಿಯ ದೋಷಕ್ಕಿಂತ ಹೆಚ್ಚಾಗಿ ಅಪ್ಪಣೆ ಪಡೆಯುವ ಕ್ರಮದ ದೋಷ. ಆ ಕ್ರಮವನ್ನು ಕಂಪನಿಗಳು ತಿಳಿದೇ ಆರಿಸಿಕೊಂಡಿವೆ. ಇದನ್ನು ತೋರಿಸಲು 2018ರ ಪೋರ್ಟ್‌ಲ್ಯಾಂಡ್ ಪ್ರಕರಣವೊಂದೇ ಸಾಕು.

ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಕುಟುಂಬ ಮನೆಯ ಕೋಣೆಕೋಣೆಯಲ್ಲೂ ಅಮೆಜಾನ್ ಸಾಧನಗಳನ್ನಿಟ್ಟುಕೊಂಡಿತ್ತು. ಒಂದು ದಿನ ಗಂಡನ ಕೈಕೆಳಗೆ ಕೆಲಸ ಮಾಡುತ್ತಿದ್ದ ವ್ಯಕ್ತಿಯೊಬ್ಬ ಸಿಯಾಟಲ್‌ನಿಂದ ಫೋನ್ ಮಾಡಿ, ಅಲೆಕ್ಸಾ ಸಾಧನಗಳ ವೈರನ್ನೆಲ್ಲ ಈಗಲೇ ಕಿತ್ತುಹಾಕಿ, ನಿಮ್ಮ ಮನೆ ಹ್ಯಾಕ್ ಆಗಿದೆ ಎಂದ. ಅವನ ಹತ್ತಿರ ಗಂಡಹೆಂಡಿರ ಖಾಸಗಿ ಮಾತಿನ ಧ್ವನಿಮುದ್ರಣ ಬಂದಿತ್ತು. ಅವರು ಮೊದಲು ನಂಬಲಿಲ್ಲ. ನೀವು ಮರದ ನೆಲಹಾಸಿನ ವಿಷಯ ಮಾತಾಡುತ್ತಿದ್ದಿರಲ್ಲ ಎಂದು ಅವನು ಹೇಳಿದ ಮೇಲೆ ನಂಬಬೇಕಾಯಿತು.

ಹ್ಯಾಕ್ ಆಗಿರಲಿಲ್ಲ. ಅಮೆಜಾನ್ ತನ್ನ ದಾಖಲೆ ಪರಿಶೀಲಿಸಿ ಕೊಟ್ಟ ವಿವರಣೆಯಲ್ಲಿ ನಾಲ್ಕು ಹಂತಗಳಿದ್ದವು. ಮನೆಯವರ ಮಾತಿನಲ್ಲಿ ಬಂದ ಯಾವುದೋ ಪದ ಅಲೆಕ್ಸಾ ಎಂಬಂತೆ ಕೇಳಿಸಿ ಸಾಧನ ಎಚ್ಚರವಾಯಿತು. ಮುಂದಿನ ಮಾತು ಸಂದೇಶ ಕಳಿಸು ಎಂಬ ಕೋರಿಕೆಯಂತೆ ಕೇಳಿಸಿತು. ಯಾರಿಗೆ ಎಂದು ಸಾಧನ ಕೇಳಿತು. ಅದರ ಹಿಂದೆ ಬಂದ ಮಾತು ಫೋನ್ ಪುಸ್ತಕದ ಒಂದು ಹೆಸರಿನಂತೆ ಕೇಳಿಸಿತು. ಇವರಿಗೇ ಅಲ್ಲವೇ ಎಂದು ಸಾಧನ ಖಚಿತಪಡಿಸಿಕೊಳ್ಳಲು ಹೋಯಿತು. ಆಗ ಬಂದ ಮಾತು ಹೌದು ಎಂಬರ್ಥದ 'ರೈಟ್' ಎಂಬಂತೆ ಕೇಳಿಸಿತು. ಸಂದೇಶ ಹೋಯಿತು. ಸ್ಪೀಕರು ಪಕ್ಕದಲ್ಲೇ ಇತ್ತು, ಅದು ಏನನ್ನೂ ಕೇಳಲೇ ಇಲ್ಲ ಎಂದು ಮನೆಯೊಡತಿ ಹೇಳಿದರು. ಇಂಥ ಸರಣಿ ನಡೆಯುವ ಸಂಭವ ಎಷ್ಟೇ ಕಡಿಮೆಯಿದ್ದರೂ ಅದನ್ನು ಇನ್ನೂ ಕಡಿಮೆ ಮಾಡುವ ದಾರಿ ನೋಡುತ್ತಿದ್ದೇವೆ ಎಂದು ಕಂಪನಿ ಹೇಳಿತು.

ಕಾಕತಾಳೀಯದ ವಾದ ನಿಂತಿರುವುದು ಇಲ್ಲೇ. ನಾಲ್ಕು ಬಾಗಿಲು ದಾಟಬೇಕಿತ್ತು, ನಾಲ್ಕೂ ಒಟ್ಟಿಗೆ ತಪ್ಪಿ ತೆರೆದುಕೊಂಡವು, ಇದು ಲಾಟರಿ ಹೊಡೆದಷ್ಟು ಅಪರೂಪ ಎಂದು ಓದಿದವರಿಗೆ ಅನ್ನಿಸುತ್ತದೆ. ಒಂದೊಂದು ಹಂತದಲ್ಲೂ ತಪ್ಪುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಂಡರೆ ನಾಲ್ಕೂ ತಪ್ಪುವ ಸಂಭವ ಹತ್ತು ಕೋಟಿಗೆ ಒಂದು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಸಂಭವಗಳನ್ನು ಹೀಗೆ ಗುಣಿಸಬೇಕಾದರೆ ಒಂದು ಷರತ್ತಿದೆ. ನಾಲ್ಕು ತಪ್ಪುಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವಂತಿರಬೇಕು. ಇಲ್ಲಿ ಹಾಗಿಲ್ಲ. ಒಬ್ಬನೇ ಸಾಕ್ಷಿಯನ್ನು ನಾಲ್ಕು ಸಲ ಕಟಕಟೆಗೆ ಕರೆಸಿ, ನಾಲ್ಕು ಸಾಕ್ಷಿಗಳ ಹೇಳಿಕೆ ಹೊಂದಿಕೆಯಾಯಿತು ಎಂದಂತೆ ಇದು. ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಬಂದದ್ದು ಅದೇ ಕೋಣೆಯ ಅದೇ ಹರಟೆಯಿಂದ. ಅದನ್ನು ಹಿಡಿದದ್ದು ಅದೇ ಮೈಕು. ಅದನ್ನು ಪದಗಳಾಗಿ ಬಿಡಿಸಿದ್ದೂ ಒಂದೇ ವ್ಯವಸ್ಥೆ. ಮನೆಯವರು ಸಾಧನದ ಜೊತೆ ಮಾತಾಡುತ್ತಿಲ್ಲ ಎಂಬ ಒಂದೇ ಸಂಗತಿ ಮೊದಲ ಹಂತದಲ್ಲಿ ತಪ್ಪಿಹೋದರೆ, ಮುಂದಿನ ಮೂರು ಹಂತಗಳಿಗೂ ಸಿಗುವುದು ಸಾಧನಕ್ಕೆ ಸಂಬಂಧವೇ ಇಲ್ಲದ ಮಾತು.

ಇನ್ನೂ ಗಂಭೀರವಾದದ್ದು ಮುಂದಿದೆ. ಮಾತಿನ ಸಹಾಯಕಗಳು ಹಂತ ಹಂತವಾಗಿ ತಮ್ಮ ನಿರೀಕ್ಷೆಯನ್ನು ಕಿರಿದು ಮಾಡಿಕೊಳ್ಳುತ್ತವೆ. ಯಾರಿಗೆ ಎಂದು ಕೇಳಿದ ಮೇಲೆ ಬರುವ ಸದ್ದನ್ನು ಅವು ಇಡೀ ಇಂಗ್ಲಿಷ್ ನಿಘಂಟಿನ ಜೊತೆ ಸಮನಾಗಿ ತೂಗುವುದಿಲ್ಲ. ಫೋನ್ ಪುಸ್ತಕದಲ್ಲಿರುವ ಹೆಸರುಗಳ ಕಡೆಗೆ ತಕ್ಕಡಿ ವಾಲಿರುತ್ತದೆ. ಹೌದೇ ಎಂದು ಕೇಳಿದ ಮೇಲಂತೂ ಹೌದು, ಅಲ್ಲ ಎಂಬ ಎರಡು ಉತ್ತರಗಳ ಕಡೆಗೇ ವಾಲುತ್ತದೆ. ನಿಜವಾಗಿ ಆಜ್ಞೆ ಕೊಡುವ ಮನುಷ್ಯನಿಗೆ ಇದರಿಂದ ಅನುಕೂಲವಿದೆ. ಅವನು ಅರ್ಧಂಬರ್ಧ ಉಚ್ಚರಿಸಿದ ಹೆಸರೂ ಸರಿಯಾಗಿ ಗುರುತು ಸಿಗುತ್ತದೆ. ಆದರೆ ಸಂಬಂಧವಿಲ್ಲದ ಹರಟೆ ಒಳಗೆ ಬಂದಾಗ ಅದೇ ಅನುಕೂಲ ತಿರುಗಿ ಬೀಳುತ್ತದೆ. ಇಂಗ್ಲಿಷ್ ಸಂಭಾಷಣೆಯಲ್ಲಿ 'ರೈಟ್' ಎಂಬ ಪದ ಉಸಿರಿನಷ್ಟು ಸಾಮಾನ್ಯ. ಮಾತಿಗೆ ಮಾತಿಗೆ ಜನ ಅದನ್ನು ಆಡುತ್ತಾರೆ. ಅದನ್ನೇ ಒಪ್ಪಿಗೆ ಎಂದು ಎಣಿಸುವ ಬಾಗಿಲನ್ನು ಬಾಗಿಲು ಎನ್ನುವುದು ಹೇಗೆ? ಹಂತ ಮುಂದೆ ಹೋದಂತೆ ಕಾವಲು ಬಿಗಿಯಾಗಬೇಕಿತ್ತು. ಇಲ್ಲಿ ಅದು ಸಡಿಲವಾಗುತ್ತಾ ಹೋಯಿತು.

ಇನ್ನು ಸಂಖ್ಯೆಯ ಮಾತು. ಅಲೆಕ್ಸಾ ಇರುವ ಸಾಧನಗಳು 10 ಕೋಟಿಗೂ ಹೆಚ್ಚು ಮಾರಾಟವಾಗಿವೆ ಎಂದು ಅಮೆಜಾನ್ 2019ರ ಆರಂಭದಲ್ಲೇ ಹೇಳಿತ್ತು. ವರ್ಷಕ್ಕೆ ಲಕ್ಷ ಸಾಧನಗಳಲ್ಲಿ ಒಂದು ಮಾತ್ರ ಹೀಗೆ ತಪ್ಪುತ್ತದೆ ಎಂದು ಸುಮ್ಮನೆ ಊಹಿಸಿಕೊಂಡರೂ ಸಾವಿರ ಮನೆಗಳ ಮಾತು ಬೇರೆಯವರ ಕಿವಿಗೆ ಬೀಳುತ್ತದೆ. ಒಬ್ಬ ಗ್ರಾಹಕನಿಗೆ ಅಪರೂಪ ಎನ್ನಿಸುವುದು ಕಂಪನಿಗೆ ಅಪರೂಪವಲ್ಲ, ಅದು ಮೊದಲೇ ಲೆಕ್ಕ ಹಾಕಬಹುದಾದ ಸಂಗತಿ.

ಮೊದಲ ಬಾಗಿಲನ್ನೇ ಹತ್ತಿರದಿಂದ ನೋಡಬೇಕು. ಕರೆಯುವ ಹೆಸರನ್ನು ಗುರುತಿಸಲು ಸಾಧನದೊಳಗೊಂದು ಪುಟ್ಟ ತಂತ್ರಾಂಶ ಸದಾ ಎಚ್ಚರವಾಗಿರುತ್ತದೆ. ಕೊನೆಯ ಕೆಲವು ಸೆಕೆಂಡಿನ ಸದ್ದನ್ನಷ್ಟೇ ಇಟ್ಟುಕೊಂಡು, ಹಳೆಯದನ್ನು ಅಳಿಸುತ್ತಾ, ಇದು ನನ್ನ ಹೆಸರೇ ಎಂದು ಅದು ಮತ್ತೆ ಮತ್ತೆ ಅಂಕ ಹಾಕುತ್ತದೆ. ಅಂಕ ಒಂದು ಗೆರೆಯನ್ನು ದಾಟಿದರೆ ಎಚ್ಚರವಾಗಿ, ಸದ್ದನ್ನು ಕಂಪನಿಯ ಸರ್ವರಿಗೆ ಕಳಿಸಲು ತೊಡಗುತ್ತದೆ. ಅಲ್ಲಿ ದೊಡ್ಡ ತಂತ್ರಾಂಶ ಮತ್ತೊಮ್ಮೆ ಪರೀಕ್ಷಿಸುತ್ತದೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಪ್ರಕೃತಿ ನಿಯಮವಲ್ಲ. ಮೇಲೆ ಎಳೆದರೆ ಕರೆದರೂ ಓಗೊಡದ ಸಂದರ್ಭಗಳು ಹೆಚ್ಚುತ್ತವೆ. ಕೆಳಗೆ ಎಳೆದರೆ ಕರೆಯದಿದ್ದರೂ ಓಗೊಡುವ ಸಂದರ್ಭಗಳು ಹೆಚ್ಚುತ್ತವೆ. ಕರೆದಾಗ ಓಗೊಡದ ಸ್ಪೀಕರನ್ನು ಗಿರಾಕಿ ಆ ವಾರವೇ ಅಂಗಡಿಗೆ ಹಿಂದಿರುಗಿಸುತ್ತಾನೆ. ಕರೆಯದೆ ಎದ್ದು, ಹತ್ತು ಸೆಕೆಂಡು ಕೇಳಿಸಿಕೊಂಡು, ಸುಮ್ಮನೆ ಮಲಗಿದ ಸ್ಪೀಕರು ಅವನ ಗಮನಕ್ಕೂ ಬರುವುದಿಲ್ಲ. ಗೆರೆ ಯಾವ ಕಡೆ ಜಾರುತ್ತದೆ ಎಂಬುದಕ್ಕೆ ಈ ವ್ಯತ್ಯಾಸವೇ ಕಾರಣ.

ಇದನ್ನು ಅಳತೆ ಮಾಡಿದವರಿದ್ದಾರೆ. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2020ರಲ್ಲಿ ಬೇರೆ ಬೇರೆ ಕಂಪನಿಗಳ ಸ್ಪೀಕರುಗಳ ಮುಂದೆ 125 ಗಂಟೆಯಷ್ಟು ನೆಟ್‌ಫ್ಲಿಕ್ಸ್ ಧಾರಾವಾಹಿಗಳನ್ನು ಹಾಕಿ ನೋಡಿದರು. ಸ್ಪೀಕರುಗಳು ಇಡೀ ದಿನ ಗುಟ್ಟಾಗಿ ಮುದ್ರಿಸುತ್ತವೆ ಎಂಬ ಜನಪ್ರಿಯ ಭಯಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಈ ಮಾತನ್ನೂ ಹೇಳಲೇಬೇಕು, ಏಕೆಂದರೆ ಇಲ್ಲದ ಪಿತೂರಿಯನ್ನು ಹುಡುಕುತ್ತಾ ಹೋದರೆ ಇರುವ ತಪ್ಪು ಮರೆಯಾಗುತ್ತದೆ. ಸಿಕ್ಕದ್ದು ಬೇರೆ. ಸ್ಪೀಕರುಗಳು ಪದೇ ಪದೇ ತಪ್ಪಾಗಿ ಎದ್ದವು, ಕೆಲವೊಮ್ಮೆ 40 ಸೆಕೆಂಡಿಗೂ ಹೆಚ್ಚು ಎಚ್ಚರವಾಗಿದ್ದವು. ಅದೇ ಧಾರಾವಾಹಿಯನ್ನು ಮತ್ತೆ ಮತ್ತೆ ಹಾಕಿದಾಗ ಅದೇ ಜಾಗದಲ್ಲಿ ನಿಯಮಿತವಾಗಿ ಎದ್ದದ್ದು ಮಾತ್ರ ಬಹಳ ಕಡಿಮೆ. ನಿನ್ನೆ ಎದ್ದ ಪದಕ್ಕೆ ಇವತ್ತು ಏಳುವುದಿಲ್ಲ. ನಮ್ಮ ಮನೆಯಲ್ಲಿ ಹೀಗಾಯಿತು ಎಂದು ದೂರುವ ಗ್ರಾಹಕ ಅದನ್ನು ಮತ್ತೊಮ್ಮೆ ಮಾಡಿ ತೋರಿಸಲಾರ. ಅವನ ಮಾತನ್ನು ಕಾಕತಾಳೀಯ ಎಂದು ಬದಿಗೆ ಸರಿಸುವುದು ಇದರಿಂದಲೇ ಇಷ್ಟು ಸುಲಭವಾಗಿದೆ.

ಅದೇ ವರ್ಷ ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯ ಮತ್ತು ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಸಂಶೋಧಕರು ಟೀವಿ ಕಾರ್ಯಕ್ರಮಗಳನ್ನೂ ವಾರ್ತೆಗಳನ್ನೂ ಕೇಳಿಸಿ, ಸಹಾಯಕಗಳನ್ನು ತಪ್ಪಾಗಿ ಎಬ್ಬಿಸುವ ಸಾವಿರಕ್ಕೂ ಹೆಚ್ಚು ತುಣುಕುಗಳನ್ನು ಕಲೆಹಾಕಿದರು. ಅಲೆಕ್ಸಾಳನ್ನು ಎಬ್ಬಿಸಿದ ಪದಗಳಲ್ಲಿ 'ಅನ್‌ಆಕ್ಸೆಪ್ಟಬಲ್' ಇತ್ತು, 'ಎಲೆಕ್ಷನ್' ಇತ್ತು.

ಎಲೆಕ್ಷನ್ ಎಂಬುದು ಕನ್ನಡದ ಮನೆಗಳಲ್ಲೂ ದಿನಬಳಕೆಯ ಪದ; ಚುನಾವಣೆ ಹತ್ತಿರವಾದಾಗ ಕನ್ನಡ ಸುದ್ದಿವಾಹಿನಿಗಳಲ್ಲಿ ಅದು ಬೆಳಗಿನಿಂದ ರಾತ್ರಿಯವರೆಗೆ ಕೇಳಿಸುತ್ತದೆ. ಕನ್ನಡದ ಉಚ್ಚಾರಣೆ ಎಷ್ಟು ಸಲ ಇಂಥ ಸಾಧನವನ್ನು ಎಬ್ಬಿಸುತ್ತದೆ ಎಂಬುದನ್ನು ಈ ಎರಡು ಅಧ್ಯಯನಗಳೂ ಅಳೆದಿಲ್ಲ. ಬೋಖುಮ್‌ನವರು ಇಂಗ್ಲಿಷ್, ಜರ್ಮನ್ ಮತ್ತು ಚೀನೀ ಭಾಷೆಗಳನ್ನಷ್ಟೇ ನೋಡಿದರು. ಆದರೆ ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇಂಗ್ಲಿಷ್‌ಗೆ ಹೊಂದಿಸಿಟ್ಟ ಸ್ಪೀಕರಿನ ಮುಂದೆ ಕನ್ನಡದಲ್ಲಿ ಮಾತಾಡುವ ಮನೆಗೆ ತೊಂದರೆ ಇನ್ನಷ್ಟು ಹೆಚ್ಚಬಹುದು. ತಪ್ಪಾಗಿ ಎದ್ದ ಯಂತ್ರ ಆ ಕನ್ನಡವನ್ನು ಕನ್ನಡವೆಂದು ಗುರುತಿಸಿ ಬಿಡುವುದಿಲ್ಲ. ತನಗೆ ಗೊತ್ತಿರುವ ಭಾಷೆಯ ಪದಗಳಲ್ಲಿ ಯಾವುದು ಹತ್ತಿರವೋ ಅದಕ್ಕೆ ಹೊಂದಿಸಲು ಹೋಗುತ್ತದೆ. ಪಡಸಾಲೆಯಲ್ಲಿ ಟೀವಿ ಓಡುತ್ತಾ, ಅಡುಗೆಮನೆಯಿಂದ ಒಬ್ಬರು, ಜಗಲಿಯಿಂದ ಇನ್ನೊಬ್ಬರು ಮಾತಾಡುವ ಮನೆಗಳಲ್ಲಿ ಯಂತ್ರಕ್ಕೆ ಇಂಥ ಸದ್ದಿನ ಕೊರತೆಯೇ ಇಲ್ಲ.

ಟೀವಿಯ ದನಿಯನ್ನು ಬೇರ್ಪಡಿಸಿಬಿಟ್ಟರೆ ಮುಗಿಯಿತಲ್ಲ ಎಂಬುದು ಮುಂದಿನ ವಾದ. ಸಾಧನ ತಾನೇ ಹಾಡು ನುಡಿಸುತ್ತಿರುವಾಗ ಅದರ ನಡುವೆಯೂ ನಮ್ಮ ಕರೆಯನ್ನು ಕೇಳಿಸಿಕೊಳ್ಳುತ್ತದೆ, ನಿಜ. ಅದು ಸಾಧ್ಯವಾಗುವುದು ತಾನು ಏನು ನುಡಿಸುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತಿರುವುದರಿಂದ. ಮೈಕಿಗೆ ಬಂದ ಸದ್ದಿನಿಂದ ಅಷ್ಟನ್ನು ಕಳೆದುಬಿಡುತ್ತದೆ. ಪಕ್ಕದ ಟೀವಿ ತಾನು ಏನು ನುಡಿಸುತ್ತಿದ್ದೇನೆಂದು ಅದಕ್ಕೆ ಹೇಳುವುದಿಲ್ಲ. ಮೈಕಿನ ಮಟ್ಟಿಗೆ ಟೀವಿಯಲ್ಲಿ ಮಾತಾಡುವ ಹೆಂಗಸೂ ಸೋಫಾದಲ್ಲಿ ಕೂತು ಮಾತಾಡುವ ಹೆಂಗಸೂ ಇಬ್ಬರು ಮನುಷ್ಯರೇ.

ಇದಕ್ಕೆ ಅಮೆಜಾನ್ ಒಂದು ಜಾಣ ಉಪಾಯ ಹುಡುಕಿದೆ. ತನ್ನ ಜಾಹೀರಾತುಗಳ ಧ್ವನಿಮುದ್ರೆಯನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡು, ಅದಕ್ಕೆ ಹೊಂದುವ ಕರೆಯನ್ನು ಕಡೆಗಣಿಸುತ್ತದೆ. ಮೊದಲೇ ಗೊತ್ತಿಲ್ಲದ ಪ್ರಸಾರವಾದರೆ, ಒಂದೇ ಕ್ಷಣದಲ್ಲಿ ಬೇರೆ ಬೇರೆ ಮನೆಗಳಿಂದ ಒಂದೇ ತರಹದ ಸದ್ದು ಸರ್ವರಿಗೆ ಬಂದಾಗ ಇದು ಟೀವಿಯದೇ ಇರಬೇಕೆಂದು ತೀರ್ಮಾನಿಸಿ ಉತ್ತರವನ್ನು ತಡೆಯುತ್ತದೆ. ಕಂಪನಿಯ ಸಂಶೋಧಕರೇ 2019ರಲ್ಲಿ ಬರೆದಂತೆ, ಈ ಎರಡನೆಯ ಉಪಾಯದಿಂದ ಶೇಕಡಾ 80ರಿಂದ 90ರಷ್ಟು ಸಾಧನಗಳನ್ನು ತಡೆಯಬಹುದು. ಒಳ್ಳೆಯ ಎಂಜಿನಿಯರಿಂಗ್ ಇದು, ಅನುಮಾನವಿಲ್ಲ. ಆದರೆ ಇದರಿಂದ ರಕ್ಷಣೆ ಸಿಗುವುದು ಸಾವಿರಾರು ಮನೆಗಳಲ್ಲಿ ಒಟ್ಟಿಗೆ ನಡೆದು ಪತ್ರಿಕೆಗಳಲ್ಲಿ ಸುದ್ದಿಯಾಗುವ ಪ್ರಸಂಗಗಳಿಗೆ. ಒಂದೇ ಮನೆಯಲ್ಲಿ ರಾತ್ರಿ ಹತ್ತಕ್ಕೆ ಹಳೆಯ ಸಿನಿಮಾ ನೋಡುವವರಿಗೆ ಜೊತೆ ಕೊಡುವ ಬೇರೆ ಮನೆಗಳಿಲ್ಲ. ಪೋರ್ಟ್‌ಲ್ಯಾಂಡ್‌ನ ದಂಪತಿಯ ಮಾತಿಗೆ ಹೊಂದುವ ಮುದ್ರೆ ಜಗತ್ತಿನ ಯಾವ ಸರ್ವರಿನಲ್ಲೂ ಇರಲು ಸಾಧ್ಯವಿರಲಿಲ್ಲ.

ಬಳಕೆದಾರರೇ ಎಚ್ಚರವಾಗಿರಬೇಕು ಎಂಬ ಮಾತಿನಲ್ಲೂ ಹುರುಳಿಲ್ಲ. ಬ್ರಿಟನ್ನಿನಲ್ಲಿ ಅಲೆಕ್ಸಾ ಜಾಹೀರಾತೊಂದರ ದನಿ ಕೇಳಿ ತನ್ನ ಸ್ಪೀಕರು ಬೆಕ್ಕಿನ ಆಹಾರಕ್ಕೆ ಆರ್ಡರ್ ಹಾಕಿತೆಂದು ನೋಡುಗರೊಬ್ಬರು ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರು ಕೊಟ್ಟರು. 2018ರ ಫೆಬ್ರುವರಿಯಲ್ಲಿ ಸಂಸ್ಥೆ ದೂರನ್ನು ತಳ್ಳಿಹಾಕಿತು. ಕಾರಣವೇನೆಂದರೆ, ಖಾತೆದಾರರು ಪ್ರತ್ಯೇಕವಾಗಿ ಖಚಿತಪಡಿಸದಿದ್ದರೆ ಖರೀದಿ ಪೂರ್ತಿಯಾಗುವುದಿಲ್ಲ, ಅವರಿಗೆ ತಿಳಿಯದೆ ಹಣ ಹೋಗುವುದಿಲ್ಲ. ತೀರ್ಪು ಕಂಪನಿಯ ಪರವಾಗಿತ್ತು. ಆದರೆ ಸಂಸ್ಥೆ ನೆಚ್ಚಿಕೊಂಡದ್ದು ಬಳಕೆದಾರರ ಎಚ್ಚರವನ್ನಲ್ಲ, ಮೈಕಿನ ಚುರುಕನ್ನೂ ಅಲ್ಲ. ಅದು ನೆಚ್ಚಿಕೊಂಡದ್ದು ಖಾತೆದಾರರು ತಾವೇ ತಿಳಿದು ಕೊಡುವ ಪ್ರತ್ಯೇಕ ಒಪ್ಪಿಗೆಯನ್ನು. ಪೋರ್ಟ್‌ಲ್ಯಾಂಡ್‌ನಲ್ಲಿ ಇರದೇ ಹೋದದ್ದು ಇದೇ.

ಭಾರತದವರಿಗೆ ಈ ಪಾಠ ಹೊಸದಲ್ಲ. ಅಂತರ್ಜಾಲದಲ್ಲಿ ಕಾರ್ಡ್ ಬಳಸಿ ಹಣ ಕೊಡುವಾಗ ಕಾರ್ಡಿನ ಮೇಲೆ ಅಚ್ಚಾಗಿರುವ ವಿವರವಷ್ಟೇ ಸಾಲದು, ಇನ್ನೊಂದು ದೃಢೀಕರಣ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಫೋನಿಗೆ ಒಟಿಪಿ ಬರುವವರೆಗೆ ಕಾಯುವುದು ಕಿರಿಕಿರಿ ಎಂದು ವ್ಯಾಪಾರಿಗಳು ಗೊಣಗಿದರೂ ಜನ ಅದಕ್ಕೆ ಒಗ್ಗಿಕೊಂಡರು. ಅದರ ಹಿಂದಿನ ತರ್ಕ ಸರಳ. ಎರಡನೆಯ ಒಪ್ಪಿಗೆ ಎರಡನೆಯ ದಾರಿಯಿಂದ ಬಂದರೆ ಮಾತ್ರ ಅದು ಎರಡನೆಯದು.

ಮಾತಿನ ಸಹಾಯಕಗಳಿಗೂ ಇದೇ ನಿಯಮ ಬೇಕು. ಹವಾಮಾನ ಹೇಳುವುದಕ್ಕೆ, ಹಾಡು ಹಾಕುವುದಕ್ಕೆ, ದೀಪ ಹಚ್ಚುವುದಕ್ಕೆ ದನಿಯೊಂದೇ ಸಾಕು; ತಪ್ಪಾದರೂ ಆರಿಸಿಬಿಟ್ಟರೆ ಮುಗಿಯಿತು. ಹಿಂದಕ್ಕೆ ಪಡೆಯಲಾಗದ ಕೆಲಸಗಳು ಬೇರೆ. ಸಂದೇಶ ಕಳಿಸುವುದು, ಹಣ ಕೊಡುವುದು, ಬಾಗಿಲ ಬೀಗ ತೆಗೆಯುವುದು ಇವು ಮೂರಕ್ಕಾದರೂ ಫೋನಿನ ಮೇಲೊಂದು ಸ್ಪರ್ಶವೋ ಸಾಧನದ ಮೇಲಿನ ಗುಂಡಿಯೋ ಇಲ್ಲದೆ ಯಂತ್ರ ಮುಂದುವರಿಯಕೂಡದು. ಕೈಯಾಡಿಸಲಾಗದವರಿಗೆ, ಕಣ್ಣು ಕಾಣದವರಿಗೆ ದನಿಯೇ ಆಸರೆ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಅವರು ತಿಳಿದು ಆರಿಸಿಕೊಳ್ಳಲು ಪ್ರತ್ಯೇಕ ಆಯ್ಕೆ ಇರಲಿ. ಅಂಥ ಮನೆಗಳಲ್ಲಿ ಸಂದೇಶವನ್ನು ಕೆಲವು ನಿಮಿಷ ತಡೆಹಿಡಿದು, ಜೋರಾಗಿ ತಿಳಿಸಿ, ಬೇಡವೆನ್ನಲು ಅವಕಾಶ ಕೊಟ್ಟು ಆಮೇಲೆ ಕಳಿಸಲಿ. ಅವರ ಹೆಸರು ಹೇಳಿಕೊಂಡು ಎಲ್ಲ ಮನೆಗಳ ಬಾಗಿಲನ್ನೂ ತೆರೆದಿಡುವುದು ಸರಿಯಲ್ಲ.

ಕಂಪನಿಗಳು ತಾವಾಗಿ ಇಷ್ಟು ಮಾಡುತ್ತವೆಂಬ ಭರವಸೆಗೆ ಈವರೆಗಿನ ಇತಿಹಾಸ ಆಧಾರ ಕೊಡುವುದಿಲ್ಲ. 2019ರಲ್ಲಿ ಬೆಲ್ಜಿಯಂನ ವಿಆರ್‌ಟಿ ವಾಹಿನಿ ಸಾವಿರಕ್ಕೂ ಹೆಚ್ಚು ಗೂಗಲ್ ಧ್ವನಿಮುದ್ರಣಗಳನ್ನು ಕೇಳಿದಾಗ ಅವುಗಳಲ್ಲಿ 153 ಯಾರೂ ಕರೆಯದೆ ಮುದ್ರಣವಾದವು ಎಂದು ಕಂಡುಬಂತು. ಸಿರಿ ಹೀಗೆ ಕರೆಯದೆ ಎದ್ದು ಮುದ್ರಿಸಿಕೊಂಡಿತೆಂಬ ಮೊಕದ್ದಮೆಯಲ್ಲಿ ಆಪಲ್ 9.5 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಒಪ್ಪಿದ್ದು 2025ರ ಆರಂಭದಲ್ಲಿ ಹೊರಬಂತು. ತಪ್ಪನ್ನು ಮಾತ್ರ ಅದು ಒಪ್ಪಿಕೊಳ್ಳಲಿಲ್ಲ.

ಮನೆಯಲ್ಲಿ ಇಂಥ ಸ್ಪೀಕರು ಇಟ್ಟುಕೊಂಡವರು ಅಲೆಕ್ಸಾ ಆ್ಯಪಿನಲ್ಲಿ ಹಳೆಯ ಧ್ವನಿಮುದ್ರಣಗಳ ಪಟ್ಟಿಯನ್ನು ಒಮ್ಮೆ ತೆರೆದು ಕೇಳಬೇಕು. ತಾವು ಕರೆಯದ ಹೊತ್ತಿನ ಮಾತು ಅಲ್ಲಿದ್ದರೆ, ಅದರ ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಬೇಕು. ದೂರು ಕೊಡುವಾಗ ಕೈಯಲ್ಲಿರುವ ಪುರಾವೆ ಅದೊಂದೇ. ದನಿಯಿಂದ ಖರೀದಿಸುವ ಸೌಲಭ್ಯವನ್ನು ನಿಲ್ಲಿಸಬೇಕು, ಇಲ್ಲವೇ ನಾಲ್ಕಂಕಿಯ ಗುಪ್ತಸಂಖ್ಯೆ ಹಾಕಬೇಕು. ಸ್ಪೀಕರಿನಿಂದ ಸಂದೇಶ ಕಳಿಸುವ ಅಗತ್ಯವಿಲ್ಲದವರು ಫೋನ್ ಪುಸ್ತಕವನ್ನು ಅದಕ್ಕೆ ಜೋಡಿಸಲೇಬಾರದು. ಕಂಪನಿ ತನ್ನ ಕ್ರಮವನ್ನು ಬದಲಿಸುವವರೆಗೆ ಗ್ರಾಹಕರು ಹಿಡಿದಿಟ್ಟುಕೊಳ್ಳಬಹುದಾದದ್ದು ಆ ಹೆಸರುಗಳ ಪಟ್ಟಿಯನ್ನು.